ವಾರಕ್ಕೆ ತೊಂಬತ್ತೊಂಬತ್ತು: ಡಬ್ಬಿ ಕೂಗದ ಖರ್ಚು

ದೊಡ್ಡಬಳ್ಳಾಪುರದಲ್ಲಾಗಲಿ, ಹೊಸಕೋಟೆಯಲ್ಲಾಗಲಿ, ಈಗ ಯಾವ ಅಂಗಡಿ ಮುಂದೆ ನಿಂತರೂ ಒಂದು ಡಬ್ಬಿ ಕೂಗುತ್ತಿರುತ್ತದೆ. ‘ಹತ್ತು ರೂಪಾಯಿ ಬಂದಿದೆ’, ‘ಇಪ್ಪತ್ತೈದು ರೂಪಾಯಿ ಬಂದಿದೆ’ ಅಂತ. ಬೀಡಿ ಕೊಂಡವನ ದುಡ್ಡಿಗೂ ಕೂಗು, ಬಾಳೆಹಣ್ಣು ಕೊಂಡವಳ ದುಡ್ಡಿಗೂ ಕೂಗು. ಯಜಮಾನರು ತಲೆ ಎತ್ತಿ ನೋಡೋದೇ ಇಲ್ಲ. ಕಿವಿಯಲ್ಲೇ ಲೆಕ್ಕ.

ಆದರೆ ಸ್ವಾಮಿ, ಅದೇ ಖಾತೆಯಿಂದ ದುಡ್ಡು ಹೊರಗೆ ಹೋದರೆ ಆ ಡಬ್ಬಿ ಕೂಗುತ್ತದೆಯೇ? ಇಲ್ಲ. ಅದು ಬಂದದ್ದಕ್ಕೆ ಮಾತ್ರ ಬಾಯಿ ಬಿಡೋ ಡಬ್ಬಿ. ಹೋದದ್ದಕ್ಕೆ ಮೌನ.

ಈ ಮೌನದಲ್ಲೇ ಒಂದು ವ್ಯಾಪಾರ ಈಗ ಭರ್ಜರಿಯಾಗಿ ನಡೆಯುತ್ತಿದೆ. ಫೋನಿನಲ್ಲಿ ಕತೆ ಕೇಳಿಸುವ, ಎರಡು ನಿಮಿಷದ ಧಾರಾವಾಹಿ ತೋರಿಸುವ, ಫೋಟೋ ಚೆಂದ ಮಾಡಿಕೊಡುವ, ಜಾತಕ ಹೇಳುವ ಆ್ಯಪುಗಳು ತಿಂಗಳ ಚಂದಾ ಬಿಟ್ಟು ವಾರದ ಚಂದಾಕ್ಕೆ ಇಳಿದಿವೆ. ‘ಬರೀ 1 ರೂಪಾಯಿಗೆ ಮೂರು ದಿನ’ ಅಂತ ಕರೆಯುತ್ತವೆ, ಆಮೇಲೆ ವಾರವಾರವೂ ಕತ್ತರಿಸುತ್ತವೆ. ನಮ್ಮ ಕಡೆ ವಾರದ ವಸೂಲಿ ಹೊಸದಲ್ಲ. ಫೈನಾನ್ಸಿನವನು ವಾರಕ್ಕೊಮ್ಮೆ ಬರುತ್ತಾನೆ, ಸಂಘದ ಸಾಲದ ಕಂತು ವಾರಕ್ಕೊಮ್ಮೆ. ಆದರೆ ಅವನು ಅಂಗಡಿ ಬಾಗಿಲಿಗೆ ಬಂದು ನಿಲ್ಲುತ್ತಾನೆ, ಕಾರ್ಡಿನಲ್ಲಿ ಗುರುತು ಹಾಕುತ್ತಾನೆ, ಬೇಕಾದರೆ ನಾವು ಅವನ ಜೊತೆ ಜಗಳವನ್ನಾದರೂ ಆಡಬಹುದು. ಅವನ ಕಾಟ ಮಿತಿ ಮೀರಿತು ಅಂತ 2025ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಿತು. ಈ ಹೊಸ ವಸೂಲಿಗಾರನಿಗೆ ಮುಖವೂ ಇಲ್ಲ, ಕಾರ್ಡೂ ಇಲ್ಲ.

ಹನ್ನೊಂದು ಗುರುವಾರ

ನಮ್ಮ ಪರಿಚಯದ ಯಜಮಾನರೊಬ್ಬರದ್ದು ದೊಡ್ಡಬಳ್ಳಾಪುರದಲ್ಲಿ ಪುಸ್ತಕ, ಪೆನ್ನು, ಜೆರಾಕ್ಸ್ ಅಂಗಡಿ. ಹೆಸರು ಬೇಡ, ಅವರಿಗೆ ಈಗಾಗಲೇ ಮನೆಯಲ್ಲಿ ಸಾಕಷ್ಟು ಬೈಗಳಾಗಿದೆ. ಸರಕು ತರೋಕೆ ವಾರಕ್ಕೆರಡು ಸಲ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬರುವವರು. ಒಂದು ಸೋಮವಾರ ಸಂಜೆ ಯಲಹಂಕದ ಹತ್ತಿರ ಬಸ್ಸು ನಿಂತಲ್ಲೇ ನಿಂತಾಗ ಫೋನಿನಲ್ಲಿ ಒಂದು ಧಾರಾವಾಹಿ ಕಂಡಿತು. ಸೊಸೆಗೆ ಅತ್ತೆ ಕಪಾಳಕ್ಕೆ ಹೊಡೆಯೋಕೆ ಕೈ ಎತ್ತಿದಳು, ಅಷ್ಟರಲ್ಲಿ ಪರದೆ ನಿಂತಿತು. ಮುಂದಿನ ಕತೆಗೆ 1 ರೂಪಾಯಿ.

‘ಒಂದ್ರೂಪಾಯಿ ತಾನೇ’ ಅಂತ ಇವರು ಒತ್ತಿದರು. ಯುಪಿಐ ಪಿನ್ ಕೇಳಿತು, ಕೊಟ್ಟರು. ದಿನಕ್ಕೆ ನೂರು ಸಲ ದುಡ್ಡು ಬರುವ ಫೋನು, ಪಿನ್ ಒತ್ತೋದು ಅವರಿಗೆ ಎಲೆ ಅಡಿಕೆ ಹಾಕಿಕೊಂಡ ಹಾಗೆ. ಧಾರಾವಾಹಿ ಎರಡು ದಿನ ನೋಡಿದರು, ಬೇಜಾರಾಯಿತು. ಆ್ಯಪನ್ನು ಫೋನಿನಿಂದ ಕಿತ್ತುಹಾಕಿದರು. ಕತೆ ಮುಗಿಯಿತು ಅಂದುಕೊಂಡರು.

ಮುಗಿಯಲಿಲ್ಲ. ಸೋಮವಾರದಿಂದ ಮೂರು ದಿನ, ಗುರುವಾರಕ್ಕೆ ಮೊದಲ 99 ರೂಪಾಯಿ ಹೋಯಿತು. ಮುಂದಿನ ಗುರುವಾರ ಇನ್ನೊಂದು 99. ಅದರ ಮುಂದಿನ ಗುರುವಾರ ಮತ್ತೊಂದು. ಹತ್ತು, ಇಪ್ಪತ್ತು, ಜೆರಾಕ್ಸಿನ ಎರಡು ರೂಪಾಯಿ ಹೀಗೆ ದಿನಕ್ಕೆ ನೂರು ಸಾಲು ಬರೆಯುವ ಖಾತೆಯಲ್ಲಿ ವಾರಕ್ಕೊಂದು 99 ಯಾರ ಕಣ್ಣಿಗೆ ಬೀಳಬೇಕು? ಸಾಸಿವೆ ಡಬ್ಬದಲ್ಲಿ ರಾಗಿ ಕಾಳು ಬಿದ್ದ ಹಾಗೆ.

ಒಂದು ದಿನ ನೋಟ್‌ಬುಕ್ ಸಗಟು ವ್ಯಾಪಾರಿಗೆ ದುಡ್ಡು ಕಳಿಸುವಾಗ ಖಾತೆಯಲ್ಲಿ ಸಾವಿರದಷ್ಟು ಕಡಿಮೆ ಬಿತ್ತು. ಯಜಮಾನರಿಗೆ ಮೊದಲು ಅನುಮಾನ ಬಂದದ್ದು ಅಂಗಡಿ ಹುಡುಗನ ಮೇಲೆ. ಇದನ್ನು ಅವರೇ ನಾಚಿಕೊಂಡು ಹೇಳಿದರು. ಪಿಯುಸಿ ಓದುವ ಮಗ ಖಾತೆಯ ಸ್ಟೇಟ್‌ಮೆಂಟ್ ತೆಗೆದು, ಬಂದ ದುಡ್ಡನ್ನೆಲ್ಲ ಪಕ್ಕಕ್ಕಿಟ್ಟು ಹೋದ ದುಡ್ಡನ್ನು ಮಾತ್ರ ನೋಡಿದ. ಹನ್ನೊಂದು ಗುರುವಾರ, ಹನ್ನೊಂದು 99. ಒಟ್ಟು 1089 ರೂಪಾಯಿ, ಮೊದಲ ಒಂದು ರೂಪಾಯಿ ಬೇರೆ.

‘ಅಪ್ಪಾ, ಇದೇ ಆ್ಯಪಿನಲ್ಲಿ ವರ್ಷದ ಚಂದಾ 999 ರೂಪಾಯಿ ಅಂತ ಕೆಳಗೆ ಸಣ್ಣಕ್ಷರದಲ್ಲಿ ಇದೆಯಲ್ಲ’ ಅಂದ ಮಗ. ಅಂದರೆ ನೋಡದೇ ಇದ್ದ ಹನ್ನೊಂದು ವಾರಕ್ಕೆ ಯಜಮಾನರು ಕೊಟ್ಟದ್ದು ಇಡೀ ವರ್ಷದ ಬೆಲೆಗಿಂತ ಜಾಸ್ತಿ.

ಹದಿಮೂರನೇ ತಿಂಗಳು

ಈಗ ಲೆಕ್ಕಕ್ಕೆ ಬನ್ನಿ. ವಾರಕ್ಕೆ 99 ಅಂದಾಗ ನಮ್ಮ ತಲೆ ತಾನಾಗಿಯೇ ನಾಲ್ಕರಿಂದ ಗುಣಿಸುತ್ತದೆ. ತಿಂಗಳಿಗೆ 396, ಅಂದರೆ ನಾನೂರರ ಒಳಗೆ, ಪರವಾಗಿಲ್ಲ ಅನ್ನಿಸುತ್ತದೆ. ತಪ್ಪು ಇಲ್ಲೇ ಇದೆ. ಇಪ್ಪತ್ತೆಂಟು ದಿನಕ್ಕೆ ಮುಗಿಯೋದು ಫೆಬ್ರವರಿ ಒಂದೇ. ವರ್ಷಕ್ಕೆ ವಾರಗಳು ನಲವತ್ತೆಂಟಲ್ಲ, ಐವತ್ತೆರಡು. 99 ಅನ್ನು 52ರಿಂದ ಗುಣಿಸಿದರೆ 5148 ರೂಪಾಯಿ. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 429. ನಾವು ಮನಸ್ಸಿನಲ್ಲಿ ಹಾಕಿದ ಲೆಕ್ಕಕ್ಕಿಂತ ವರ್ಷಕ್ಕೆ 396 ರೂಪಾಯಿ ಹೆಚ್ಚು. ಗಮನಿಸಿ, ಆ 396 ಅನ್ನೋದು ಸರಿಯಾಗಿ ಒಂದು ‘ತಿಂಗಳ’ ದುಡ್ಡು. ಪಂಚಾಂಗದಲ್ಲಿ ಅಧಿಕ ಮಾಸ ಎರಡು ಮೂರು ವರ್ಷಕ್ಕೊಮ್ಮೆ ಬಂದರೆ, ಈ ಆ್ಯಪುಗಳ ಪಂಚಾಂಗದಲ್ಲಿ ಪ್ರತಿ ವರ್ಷವೂ ಅಧಿಕ ಮಾಸ.

ಈ ಹದಿಮೂರನೇ ತಿಂಗಳು ನಮಗೆ ಗೊತ್ತಿಲ್ಲದ್ದೇನಲ್ಲ. ಫೋನಿನ ರೀಚಾರ್ಜು ಇಪ್ಪತ್ತೆಂಟು ದಿನಕ್ಕೆ ಇಳಿದಾಗ ನಾವೆಲ್ಲ ವರ್ಷಕ್ಕೆ ಹದಿಮೂರು ಸಲ ದುಡ್ಡು ಹಾಕಿದೆವು. ಜನ ಗೊಣಗಿದರು, ದೂರು ಕೊಟ್ಟರು. ಕೊನೆಗೆ 2022ರ ಜನವರಿಯಲ್ಲಿ ಟ್ರಾಯ್, ಪ್ರತಿ ಫೋನು ಕಂಪೆನಿಯೂ ಪೂರ್ತಿ ಮೂವತ್ತು ದಿನದ ಒಂದು ಪ್ಲಾನನ್ನೂ, ಪ್ರತಿ ತಿಂಗಳು ಅದೇ ತಾರೀಖಿಗೆ ಬರುವ ಒಂದು ಪ್ಲಾನನ್ನೂ ಇಡಲೇಬೇಕು ಅಂತ ಆದೇಶ ಮಾಡಿತು. ಆ್ಯಪುಗಳ ವಾರದ ಲೆಕ್ಕಕ್ಕೆ ಅಂಥ ಆದೇಶ ಮಾಡುವ ಪುಣ್ಯಾತ್ಮರು ಇನ್ನೂ ಎದ್ದಿಲ್ಲ.

ಅಲ್ಲಿಯ ತನಕ ಬಸ್ಸಿನಲ್ಲಿ ನಿಂತುಕೊಂಡೇ ಮಾಡಬಹುದಾದ ಲೆಕ್ಕ ಒಂದನ್ನು ನೆನಪಿಟ್ಟುಕೊಳ್ಳಿ. ವಾರದ ಬೆಲೆ ನೂರಿದ್ದರೆ ವರ್ಷಕ್ಕೆ ಐದು ಸಾವಿರದ ಮೇಲೆ. ಐವತ್ತಿದ್ದರೆ ಎರಡೂವರೆ ಸಾವಿರದ ಮೇಲೆ. ಪೆನ್ನು ಕಾಗದ ಬೇಡ. ಆ ಐದು ಸಾವಿರವನ್ನು ಒಂದೇ ಸಲ ಎಣಿಸಿ ಕೊಡಿ ಅಂದರೆ ಕೊಡುತ್ತಿದ್ದಿರಾ ಅಂತ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಅಷ್ಟು ಸಾಕು.

ವಾರದ ಚಂದಾ ಪೂರ್ತಿ ಮೋಸ ಅಂತ ನಾನು ಹೇಳುತ್ತಿಲ್ಲ. ನಮ್ಮ ಮಗ್ಗದ ಊರಿನಲ್ಲಿ ಎಷ್ಟೋ ಜನಕ್ಕೆ ಬಟವಾಡೆಯೇ ವಾರಕ್ಕೊಮ್ಮೆ. ಅವರ ಕೈಗೆ ವಾರದ ಬೆಲೆಯೇ ಹೊಂದುತ್ತದೆ. ಪರೀಕ್ಷೆಯ ಒಂದು ವಾರಕ್ಕೆ ಮಾತ್ರ ಬೇಕಾದ ಪಾಠದ ಆ್ಯಪಿಗೆ ತಿಂಗಳ ದುಡ್ಡು ಯಾಕೆ ಕೊಡಬೇಕು? ಶಾಂಪೂ ಸ್ಯಾಚೆಟ್ ಬಂದಾಗಲೂ ಹೀಗೇ, ಇಡೀ ಬಾಟಲಿ ಕೊಳ್ಳಲಾರದವರು ಒಂದು ರೂಪಾಯಿಗೆ ತಲೆ ತೊಳೆದುಕೊಂಡರು. ಆದರೆ ಸ್ಯಾಚೆಟ್ಟಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಸ್ಯಾಚೆಟ್ ಬೇಕಾದಾಗ ಗಿರಾಕಿ ಅಂಗಡಿಗೆ ಬರುತ್ತಾನೆ. ಬೇಡದಿದ್ದರೆ ಬರೋದಿಲ್ಲ. ಸ್ಯಾಚೆಟ್ಟೇ ಎದ್ದು ಪ್ರತಿ ಗುರುವಾರ ಅವನ ಮನೆ ಬಾಗಿಲಿಗೆ ಹೋಗಿ, ಜೇಬಿಗೆ ಕೈ ಹಾಕಿ ದುಡ್ಡು ತೆಗೆದುಕೊಂಡು ಬರೋದಿಲ್ಲ.

ಪಿನ್ ಒತ್ತುವ ಮುಂಚೆ

ಈ ಜೇಬಿಗೆ ಕೈ ಹಾಕುವ ಅಧಿಕಾರವನ್ನು ಕೊಡುವವರು ನಾವೇ. ಅದಕ್ಕೆ ಯುಪಿಐ ಆಟೋಪೇ ಅಂತ ಹೆಸರು. 2020ರ ಜುಲೈನಲ್ಲಿ ಶುರುವಾದ ಏರ್ಪಾಟು. ಕರೆಂಟ್ ಬಿಲ್ಲು, ವಿಮೆ, ಚೀಟಿ ಕಂತು ಇಂಥವಕ್ಕೆಲ್ಲ ಅನುಕೂಲವೇ. ಒಂದು ಸಲ ಪಿನ್ ಒತ್ತಿ ಒಪ್ಪಿಗೆ ಕೊಟ್ಟರೆ ಆಮೇಲೆ ಪ್ರತಿ ಸಲ ಪಿನ್ ಕೇಳೋದಿಲ್ಲ. ಹೀಗೆ ಪಿನ್ ಇಲ್ಲದೆ ಒಂದು ಸಲಕ್ಕೆ 15,000 ರೂಪಾಯಿ ತನಕ ಕತ್ತರಿಸಬಹುದು ಅಂತ ರಿಸರ್ವ್ ಬ್ಯಾಂಕು 2022ರ ಜೂನ್‌ನಲ್ಲಿ ಮಿತಿ ಏರಿಸಿದೆ.

ಆದ್ದರಿಂದ 1 ರೂಪಾಯಿಗೆ ಪಿನ್ ಒತ್ತಿದೆವು ಅಂದುಕೊಳ್ಳೋದೇ ತಪ್ಪು. ನಾವು ಒತ್ತಿದ್ದು ಒಂದು ಕರಾರು ಪತ್ರಕ್ಕೆ ರುಜು. ಪಿನ್ ಕೇಳುವ ಮುಂಚಿನ ಪರದೆಯಲ್ಲಿ ಆ ಕರಾರಿನ ಸಾರಾಂಶ ಇದ್ದೇ ಇರುತ್ತದೆ. ಓದಬೇಕಾದದ್ದು ಮೂರೇ ಮೂರು ವಿಷಯ.

ಒಂದು, ಮೊತ್ತ. ಅಲ್ಲಿ 1 ರೂಪಾಯಿ ಮಾತ್ರ ಇರೋದಿಲ್ಲ, ‘ಇಷ್ಟರ ತನಕ’ ಅಂತ ಇನ್ನೊಂದು ಅಂಕಿ ಇರಬಹುದು. ನಮ್ಮ ಯಜಮಾನರ ಕರಾರಿನಲ್ಲಿ 499 ರೂಪಾಯಿ ತನಕ ಅಂತ ಇತ್ತು. ಕತ್ತರಿಸಿದ್ದು 99 ಸರಿ, ಆದರೆ ನಾಳೆ ಆ್ಯಪಿನವರು ಬೆಲೆ ಏರಿಸಿದರೂ 499 ಮುಟ್ಟುವ ತನಕ ಮತ್ತೆ ಪಿನ್ ಕೇಳುವ ಅಗತ್ಯ ಅವರಿಗಿಲ್ಲ.

ಎರಡು, ಎಷ್ಟು ದಿನಕ್ಕೊಮ್ಮೆ. ಅಲ್ಲಿ Monthly ಅಂತ ಇದ್ದರೆ ತಿಂಗಳಿಗೊಮ್ಮೆ, Weekly ಅಂತ ಇದ್ದರೆ ವಾರಕ್ಕೊಮ್ಮೆ. As presented ಅಂತ ಇದ್ದರೆ ಇನ್ನೂ ಜೋಪಾನ: ಅವರು ಕೇಳಿದಾಗಲೆಲ್ಲ ಅಂತ ಅರ್ಥ.

ಮೂರು, ಕೊನೆಯ ತಾರೀಖು. ಇವರ ಕರಾರಿನಲ್ಲಿ 2055ನೇ ಇಸವಿ ಇತ್ತು. ‘ಅಷ್ಟೊತ್ತಿಗೆ ನಾನೇ ಇರ್ತೀನೋ ಇಲ್ವೋ, ಆ ಸೊಸೆ ಅತ್ತೆ ಇನ್ನೂ ಕಿತ್ತಾಡ್ತಿರ್ತಾರೆ’ ಅಂದರು ಯಜಮಾನರು.

ಬಂದ ಮೆಸೇಜು, ಓದದ ಮೆಸೇಜು

ಹಾಗಾದರೆ ಕಾಯುವವರು ಯಾರೂ ಇಲ್ಲವೇ ಅಂದರೆ, ಇದ್ದಾರೆ. ಹೀಗೆ ತಾನಾಗಿ ಕತ್ತರಿಸುವ ಮುಂಚೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕನಿಗೆ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ ಕಟ್ಟಳೆ ಇದೆ. ಯಾರಿಗೆ ಹೋಗುತ್ತೆ, ಎಷ್ಟು, ಯಾವಾಗ, ಯಾಕೆ ಅನ್ನೋದೆಲ್ಲ ಅದರಲ್ಲಿ ಇರಬೇಕು. ಬೇಡ ಅನ್ನುವುದಕ್ಕೆ ದಾರಿಯೂ ಇರಬೇಕು.

ನಮ್ಮ ಯಜಮಾನರ ಫೋನನ್ನು ಮಗ ಹುಡುಕಿದಾಗ ಇಂಥ ಹನ್ನೊಂದು ಮೆಸೇಜು ಸಿಕ್ಕಿತು, ಪ್ರತಿ ಬುಧವಾರಕ್ಕೊಂದು. ಎಲ್ಲ ಇಂಗ್ಲಿಷಿನಲ್ಲಿ. ಸೈಟು ಮಾರುವವರ, ಸಾಲ ಕೊಡುವವರ, ಆಫರಿನವರ ಇಂಗ್ಲಿಷ್ ಮೆಸೇಜುಗಳ ಮಧ್ಯೆ ಇವೂ ಮುಚ್ಚಿಹೋಗಿದ್ದವು. ಕಾನೂನಿನ ಪ್ರಕಾರ ತಿಳಿಸಿದ್ದಾಯಿತು. ಮನುಷ್ಯನಿಗೆ ತಿಳಿಯಿತೇ ಅನ್ನೋದು ಯಾರ ಕಟ್ಟಳೆಯಲ್ಲೂ ಇಲ್ಲ. ಬಸ್ಸಿನ ಬೋರ್ಡು ಕನ್ನಡದಲ್ಲಿ ಇರಬೇಕು ಅಂತ ಹೋರಾಡಿದ ಜನ ನಾವು. ನಮ್ಮದೇ ದುಡ್ಡು ನಾಳೆ ಹೋಗುತ್ತದೆ ಅನ್ನುವ ಸುದ್ದಿ ಕನ್ನಡದಲ್ಲಿ ಇರಬೇಕು ಅಂತ ಯಾಕೆ ಕೇಳಬಾರದು?

‘ಖಾತೇಲಿ ದುಡ್ಡೇ ಇಡಲ್ಲ, ಹೆಂಗೆ ಕತ್ತರಿಸ್ತಾರೆ ನೋಡೋಣ’ ಅನ್ನುವ ಜಾಣರೂ ಇದ್ದಾರೆ. ಅದು ನಡೆಯೋದಿಲ್ಲ. ಒಂದು ಸಲ ದುಡ್ಡು ಸಿಗದಿದ್ದರೆ ಇನ್ನೂ ಮೂರು ಸಲ ಪ್ರಯತ್ನಿಸಲು ಯುಪಿಐ ನಿಯಮದಲ್ಲೇ ಅವಕಾಶ ಇದೆ. 2025ರ ಆಗಸ್ಟಿನಿಂದ ಈ ಕತ್ತರಿಕೆಗಳೆಲ್ಲ ಜನಜಂಗುಳಿ ಇಲ್ಲದ ಹೊತ್ತಿನಲ್ಲಿ, ಅಂದರೆ ಬೆಳಿಗ್ಗೆ ಹತ್ತರ ಮುಂಚೆ, ಮಧ್ಯಾಹ್ನ ಒಂದರಿಂದ ಐದು, ರಾತ್ರಿ ಒಂಬತ್ತೂವರೆ ಮೇಲೆ ನಡೆಯುತ್ತವೆ. ಸಂಜೆ ವ್ಯಾಪಾರದ ದುಡ್ಡು ಬಂದು, ನೀವು ಬಾಗಿಲು ಹಾಕಿ ಊಟಕ್ಕೆ ಕೂತ ಹೊತ್ತಿಗೆ ಅವರ ಕೈ ಬರಬಹುದು.

ಗಂಟು ಎಲ್ಲಿದೆ, ಅಲ್ಲೇ ಬಿಚ್ಚಬೇಕು

ಆ್ಯಪನ್ನು ಫೋನಿನಿಂದ ತೆಗೆದರೆ ಚಂದಾ ನಿಲ್ಲೋದಿಲ್ಲ. ಇದನ್ನು ಹತ್ತು ಸಲ ಹೇಳಿದರೂ ಕಡಿಮೆ. ಪೇಪರು ಓದೋದು ಬಿಟ್ಟ ಮಾತ್ರಕ್ಕೆ ಪೇಪರಿನ ಹುಡುಗ ಬಿಲ್ಲು ಬಿಡುತ್ತಾನೆಯೇ? ಅವನಿಗೆ ‘ನಾಳೆಯಿಂದ ಬೇಡಪ್ಪ’ ಅಂತ ಹೇಳಬೇಕು. ಹೇಳಬೇಕಾದ ಜಾಗ ಎರಡರಲ್ಲಿ ಒಂದು.

ಮೊದಲನೆಯದು ಪ್ಲೇ ಸ್ಟೋರ್. ಅದನ್ನು ತೆರೆದು ಮೇಲೆ ಬಲಗಡೆ ಇರುವ ನಿಮ್ಮ ಗುರುತನ್ನು ಒತ್ತಿ, Payments & subscriptions ಅನ್ನುವುದಕ್ಕೆ ಹೋಗಿ, ಅಲ್ಲಿ Subscriptions ತೆರೆದರೆ ನಿಮ್ಮ ಚಂದಾಗಳ ಪಟ್ಟಿ ಇರುತ್ತದೆ. ಬೇಡದ್ದನ್ನು ಆರಿಸಿ Cancel subscription ಒತ್ತಬೇಕು. ಯಾಕೆ, ಏನು ಅಂತ ಒಂದೆರಡು ಪ್ರಶ್ನೆ ಕೇಳುತ್ತದೆ, ಮುಂದೆ ಹೋಗಿ. ಆ್ಯಪಲ್ ಫೋನಿನವರು Settings ತೆರೆದು, ಮೇಲಿರುವ ತಮ್ಮ ಹೆಸರು ಒತ್ತಿ Subscriptionsಗೆ ಹೋಗಬೇಕು. ಇವೆರಡರಲ್ಲೂ ಈಗ ರದ್ದು ಮಾಡಿದರೆ ಕೊಟ್ಟ ದುಡ್ಡಿನ ಅವಧಿ ಮುಗಿಯುವ ತನಕ ಸಾಮಾನ್ಯವಾಗಿ ನೋಡಬಹುದು. ಆದ್ದರಿಂದ ಕೊನೇ ದಿನದ ತನಕ ಕಾಯುವುದರಲ್ಲಿ ಲಾಭ ಏನೂ ಇಲ್ಲ. ಚಂದಾ ತೆಗೆದುಕೊಂಡ ಹತ್ತು ನಿಮಿಷಕ್ಕೇ ರದ್ದು ಮಾಡಿಡುವುದು ಬುದ್ಧಿವಂತಿಕೆ. ಬೇಕೆನಿಸಿದರೆ ಮತ್ತೆ ತಗೊಂಡರಾಯಿತು.

ನಮ್ಮ ಯಜಮಾನರ ಮಗ ಮೊದಲು ಇಲ್ಲೇ ನೋಡಿದ. ಪಟ್ಟಿ ಖಾಲಿ! ‘ಏನೂ ಇಲ್ಲಪ್ಪ’ ಅಂದುಬಿಟ್ಟ. ಇಲ್ಲೇ ಎಷ್ಟೋ ಜನ ಸೋಲೋದು. ಆ್ಯಪಿನವರು ಪ್ಲೇ ಸ್ಟೋರ್ ಮೂಲಕ ಅಲ್ಲ, ನೇರವಾಗಿ ಯುಪಿಐ ಕರಾರು ಮಾಡಿಸಿಕೊಂಡಿದ್ದರು. ಆ ಗಂಟು ಇರೋದು ಎರಡನೆಯ ಜಾಗದಲ್ಲಿ, ಅಂದರೆ ದುಡ್ಡು ಕಳಿಸುವ ಯುಪಿಐ ಆ್ಯಪಿನ ಒಳಗೆ. ಅಲ್ಲಿ ನಿಮ್ಮ ಗುರುತನ್ನು ಒತ್ತಿ Autopay ಅನ್ನುವುದನ್ನು ಹುಡುಕಬೇಕು. ಕೆಲವದರಲ್ಲಿ Mandates ಅಂತಲೂ ಇರುತ್ತದೆ. ಎರಡು ಮೂರು ಯುಪಿಐ ಆ್ಯಪು ಇಟ್ಟುಕೊಂಡವರು ಅಷ್ಟನ್ನೂ ತೆರೆದು ನೋಡಬೇಕು. ಕರಾರು ಯಾವುದರಲ್ಲಿ ಮಾಡಿದ್ದೀರೋ ಅದರಲ್ಲೇ ಹುಡುಕುವುದು ಸುಲಭದ ದಾರಿ.

ಅಲ್ಲೂ ಒಂದು ಗೊಂದಲ. ಧಾರಾವಾಹಿ ಆ್ಯಪಿನ ಹೆಸರು ಒಂದು, ಕರಾರಿನಲ್ಲಿ ಇದ್ದ ಕಂಪೆನಿ ಹೆಸರು ಇನ್ನೊಂದು. ಹೆಸರು ನೋಡಿ ಹುಡುಕಿದರೆ ಸಿಗೋದಿಲ್ಲ. ಮೊತ್ತವನ್ನೂ, ಶುರುವಾದ ತಾರೀಖನ್ನೂ ನೋಡಿ ಗುರುತು ಹಿಡಿದರು. ಆಮೇಲೆ Revoke ಅಥವಾ Cancel ಒತ್ತಬೇಕು. Pause ಅಂತಲೂ ಇರುತ್ತದೆ, ಅದು ತಾತ್ಕಾಲಿಕ, ಅದಕ್ಕೆ ಮರುಳಾಗಬೇಡಿ. ರದ್ದು ಮಾಡುವಾಗಲೂ ಪಿನ್ ಕೇಳಬಹುದು, ಹೆದರಬೇಕಾಗಿಲ್ಲ. ರದ್ದಾಯಿತು ಅಂತ ಪರದೆಯಲ್ಲಿ ಬಂದ ಮೇಲೆ ಅದರ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಅದೇ ನಿಮ್ಮ ರಸೀದಿ.

ಚಂದಾ ಪ್ಲೇ ಸ್ಟೋರಿನಲ್ಲಿ ಇದ್ದರೆ ಅಲ್ಲೇ ಮೊದಲು ರದ್ದು ಮಾಡಿ, ಆಮೇಲೆ ಯುಪಿಐ ಕಡೆ ನೋಡಿ. ಯುಪಿಐ ಒಂದನ್ನೇ ಕಿತ್ತರೆ ಚಂದಾ ಅಲ್ಲಿ ಬದುಕಿಯೇ ಇರುತ್ತದೆ, ನೀವು ಕಾರ್ಡು ಕೊಟ್ಟಿದ್ದರೆ ಅದರ ಕಡೆಗೂ ಕೈ ಚಾಚಬಹುದು.

ಹೋದ ದುಡ್ಡು? ಅದರ ಬಗ್ಗೆ ಸುಳ್ಳು ಆಸೆ ಹುಟ್ಟಿಸಬಾರದು. ಪಿನ್ ಒತ್ತಿದ್ದು ನಾವು, ಮೆಸೇಜು ಬಂದದ್ದು ನಮಗೆ. ಪ್ಲೇ ಸ್ಟೋರಿನಲ್ಲಿ ಕೊಂಡದ್ದಾದರೆ 48 ಗಂಟೆಯ ಒಳಗೆ ವಾಪಸು ಕೇಳಿದರೆ ಸಿಗುವ ಸಂಭವ ಉಂಟು. ನಮ್ಮ ಯಜಮಾನರು ಆ್ಯಪಿನವರಿಗೆ ಬರೆದರು. ಕೊನೇ ವಾರದ 99 ವಾಪಸು ಬಂತು, ಉಳಿದ ಹತ್ತು ವಾರದ 990 ಹೋದದ್ದು ಹೋಯಿತು. ಆದರೆ ರದ್ದು ಮಾಡಿದ ಮೇಲೂ ಕತ್ತರಿಸಿದರೆ, ಅಥವಾ ಮುಂಚೆ ತಿಳಿಸದೆಯೇ ಕತ್ತರಿಸಿದರೆ ಅದು ಬೇರೆ ಮಾತು. ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು.

ಇನ್ನೊಂದು ಎಚ್ಚರಿಕೆ. ‘ಕಸ್ಟಮರ್ ಕೇರ್ ನಂಬರು’ ಅಂತ ಗೂಗಲ್‌ನಲ್ಲಿ ಹುಡುಕಿ ಸಿಕ್ಕಿದ ನಂಬರಿಗೆ ಫೋನು ಮಾಡಬೇಡಿ. ವಾಪಸು ಕೊಡುತ್ತೇನೆ, ಪಿನ್ ಒತ್ತಿ ಅಂದವನು ಕಳ್ಳ. ದುಡ್ಡು ಪಡೆಯೋಕೆ ಪಿನ್ ಬೇಡ, ಕೊಡೋಕೆ ಮಾತ್ರ ಪಿನ್ ಬೇಕು ಅನ್ನೋದು ಅಂಗಡಿಯವರಿಗೆ ಹೇಳಿಕೊಡಬೇಕಾದ ಪಾಠವಲ್ಲ.

ಕಾನೂನು ಏನನ್ನುತ್ತೆ

ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಒಂದು ಮಾರ್ಗಸೂಚಿ ಹೊರಡಿಸಿದೆ. ಗ್ರಾಹಕರನ್ನು ಪರದೆಯ ಮೇಲೆ ದಾರಿ ತಪ್ಪಿಸುವ ಹದಿಮೂರು ಬಗೆಯ ಕುಯುಕ್ತಿಗಳನ್ನು ಅದರಲ್ಲಿ ಪಟ್ಟಿ ಮಾಡಿ ನಿಷೇಧಿಸಿದ್ದಾರೆ. ಅದರಲ್ಲಿ ಒಂದು ಚಂದಾ ಬಲೆ. ರದ್ದು ಮಾಡುವ ಗುಂಡಿಯನ್ನು ಬಚ್ಚಿಡುವುದು, ರದ್ದತಿಯನ್ನು ಸುತ್ತುಬಳಸಿನದ್ದಾಗಿ ಮಾಡುವುದು ಎಲ್ಲವೂ ಅದರೊಳಗೆ ಬರುತ್ತದೆ. ಪುಕ್ಕಟೆ ಚಂದಾ ಕೊಡುತ್ತೇನೆ ಅಂತ ಹೇಳಿ ತಾನಾಗಿ ಕತ್ತರಿಸುವ ಒಪ್ಪಿಗೆಯನ್ನು ಬಲವಂತವಾಗಿ ಪಡೆಯುವುದೂ ಬಲೆಯೇ ಅಂತ ಅದು ಹೇಳುತ್ತದೆ.

ಈಗ ಗೊತ್ತಾಯಿತೇ ಆ ಒಂದು ರೂಪಾಯಿಯ ಮಹಿಮೆ? ಪುಕ್ಕಟೆ ಅಂದರೆ ಮಾರ್ಗಸೂಚಿಗೆ ಸಿಕ್ಕಿಬೀಳಬೇಕಾದೀತು. ಒಂದು ರೂಪಾಯಿ ಅಂದರೆ ಪುಕ್ಕಟೆ ಅಲ್ಲವಲ್ಲ! ಇದಕ್ಕೇ ಇಟ್ಟಿದ್ದಾರೆ ಅಂತ ನಾನು ಪ್ರಮಾಣ ಮಾಡಲಾರೆ. ಗುಮಾನಿ ಪಡುವ ಹಕ್ಕು ಮಾತ್ರ ನನಗಿದೆ.

ದೊಡ್ಡವರನ್ನೂ ಬಗ್ಗಿಸಬಹುದು ಅನ್ನೋದಕ್ಕೆ ಉದಾಹರಣೆ ಇದೆ. ಅಮೆರಿಕದ ವ್ಯಾಪಾರ ಆಯೋಗ ಅಮೆಜಾನ್ ಕಂಪೆನಿಯ ಮೇಲೆ, ಜನರನ್ನು ಒಪ್ಪಿಗೆ ಇಲ್ಲದೆ ಪ್ರೈಮ್ ಚಂದಾಕ್ಕೆ ಸೇರಿಸಿಕೊಂಡು ಬಿಡಿಸಿಕೊಳ್ಳೋದನ್ನು ಕಷ್ಟ ಮಾಡಿದೆ ಅಂತ ದಾವೆ ಹೂಡಿತ್ತು. 2025ರ ಸೆಪ್ಟೆಂಬರಿನಲ್ಲಿ ಕಂಪೆನಿ 250 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿ ಮಾಡಿಕೊಂಡಿತು. ಅದರಲ್ಲಿ 150 ಕೋಟಿ ಡಾಲರ್ ಗ್ರಾಹಕರಿಗೆ ವಾಪಸು.

ನಮ್ಮಲ್ಲಿ 1915 ಅನ್ನುವುದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ, 5 ಲಕ್ಷದ ತನಕದ ವ್ಯವಹಾರಕ್ಕೆ ಅಲ್ಲಿ ಶುಲ್ಕವೇ ಇಲ್ಲ. ತೊಂಬತ್ತೊಂಬತ್ತು ರೂಪಾಯಿಗೆ ಯಾರು ಹೋಗುತ್ತಾರೆ ಅಂತ ಕೇಳುತ್ತೀರಿ. ಯಾರೂ ಹೋಗೋದಿಲ್ಲ. ಆ ಧೈರ್ಯದ ಮೇಲೇ ಈ ವ್ಯಾಪಾರ ನಿಂತಿರೋದು. ಆದರೆ ಸಹಾಯವಾಣಿಗೆ ಒಂದು ಫೋನು ಮಾಡೋಕೆ ಬಸ್ಸು ಹೊರಡುವ ಮುಂಚಿನ ಹತ್ತು ನಿಮಿಷ ಸಾಕು. ದೂರು ದಾಖಲಾದರೆ ಲೆಕ್ಕಕ್ಕೆ ಬರುತ್ತದೆ, ಗೊಣಗಾಟ ಲೆಕ್ಕಕ್ಕೆ ಬರೋದಿಲ್ಲ.

ಒಂದು ಬೇಡಿಕೆ

ಬಿಸ್ಕತ್ತಿನ ಪೊಟ್ಟಣದ ಮೇಲೆ ಎಂಆರ್‌ಪಿ ಇಲ್ಲದಿದ್ದರೆ ತೂಕ ಅಳತೆ ಇಲಾಖೆಯವರು ಅಂಗಡಿಯವನ ಕುತ್ತಿಗೆ ಹಿಡಿಯುತ್ತಾರೆ. ಈಗಂತೂ ಬರೀ ಎಂಆರ್‌ಪಿ ಸಾಲದು, ಒಂದು ಗ್ರಾಂಗೆ ಎಷ್ಟು ಅನ್ನುವ ದರವನ್ನೂ ಪೊಟ್ಟಣದ ಮೇಲೆ ಹಾಕಬೇಕು ಅಂತ ಕಾನೂನಾಗಿದೆ. ಯಾಕೆ? ಸಣ್ಣ ಪೊಟ್ಟಣ, ದೊಡ್ಡ ಪೊಟ್ಟಣ ಎರಡನ್ನೂ ಗಿರಾಕಿ ಒಂದೇ ಅಳತೆಯಲ್ಲಿ ಹೋಲಿಸಿ ನೋಡಲಿ ಅಂತ. ಒಳ್ಳೆಯ ಕಾನೂನು.

ಅದನ್ನೇ ಕಾಲಕ್ಕೂ ಅನ್ವಯಿಸಿ ಅನ್ನೋದು ನನ್ನ ಬೇಡಿಕೆ. ವಾರಕ್ಕೆ 99 ಅಂತ ಎಷ್ಟು ದಪ್ಪಕ್ಷರದಲ್ಲಿ ಹಾಕುತ್ತಾರೋ ಅಷ್ಟೇ ದಪ್ಪಕ್ಷರದಲ್ಲಿ, ಅದೇ ಸಾಲಿನಲ್ಲಿ, ವರ್ಷಕ್ಕೆ 5148 ಅಂತಲೂ ಹಾಕಲಿ. ಆಮೇಲೆ ಒಪ್ಪಿದವನು ಒಪ್ಪಲಿ. ಹತ್ತು ರೂಪಾಯಿ ಬಿಸ್ಕತ್ತು ಮಾರುವ ನಮ್ಮ ಅಂಗಡಿಯವನಿಗೆ ಒಂದು ನ್ಯಾಯ, ಐದು ಸಾವಿರದ ಧಾರಾವಾಹಿ ಮಾರುವವನಿಗೆ ಇನ್ನೊಂದು ನ್ಯಾಯ ಯಾಕೆ?

ಅಲ್ಲಿಯ ತನಕ, ಇವತ್ತು ಸಂಜೆ ಈ ಪೇಪರು ಮಡಿಚಿಡುವ ಮುಂಚೆ ನಿಮ್ಮ ಫೋನಿನಲ್ಲಿ Autopay ಒಂದು ಸಲ ತೆರೆದು ನೋಡಿ. ನಮ್ಮ ಯಜಮಾನರು ನೋಡಿದಾಗ ಆ ಧಾರಾವಾಹಿಯ ಕೆಳಗೆ ಇನ್ನೂ ಒಂದು ಕರಾರು ಕೂತಿತ್ತು, ವಾರಕ್ಕೆ 49ರದ್ದು, ಜಾತಕದ ಆ್ಯಪಿನದು.

‘ಅದ್ಯಾರು ಹಾಕ್ಸಿದ್ದು?’ ಅಂತ ಮಗನ ಮೇಲೆ ಕೂಗಾಡಿದರಂತೆ. ಒಳಗಿನಿಂದ ಮನೆಯವರು ಉತ್ತರ ಕೊಟ್ಟರು: ‘ನಿಮ್ ದುಡ್ಡು ಎಲ್ಲಿ ಹೋಗ್ತಾ ಇದೆ ಅಂತ ಕೇಳೋಕೇ ನಾನು ಹಾಕ್ಸಿದ್ದು ಕಣ್ರೀ!’